ನೀವು ಪಕ್ಕದಲ್ಲಿಲ್ಲದ ಗುಂಪಿಗೆ ಪಾಠ: ಒಬ್ಬರೇ ಟೀಚರ್, ಐದು ತರಗತಿ

ಬೆಂಗಳೂರು ಅಂದರೆ ಸಾವಿರಾರು ಮಕ್ಕಳ ಶಾಲೆಗಳೇ ಕಣ್ಣಿಗೆ ಬರುತ್ತವೆ. ಆದರೆ ಆನೇಕಲ್ ಕಡೆ, ಕಗ್ಗಲೀಪುರ ದಾಟಿ, ಹೆಸರಘಟ್ಟದ ಆಚೆ ಹೋದರೆ ಹದಿನೈದು, ಇಪ್ಪತ್ತು ಮಕ್ಕಳಿರುವ ಕಿರಿಯ ಪ್ರಾಥಮಿಕ ಶಾಲೆಗಳು ಇನ್ನೂ ಇವೆ. ಊರಿನ ಅರ್ಧ ಮಕ್ಕಳು ವ್ಯಾನ್ ಹತ್ತಿ ಕಾನ್ವೆಂಟಿಗೆ ಹೋಗುತ್ತಾರೆ. ಉಳಿದವರ ಜೊತೆ ಕಟ್ಟಡ ಕೆಲಸಕ್ಕೆ, ತೋಟದ ಕೆಲಸಕ್ಕೆ ಬಂದವರ ಮಕ್ಕಳು ಸೇರುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲಿ ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರಿರಬೇಕು. ವರ್ಗಾವಣೆ, ನಿವೃತ್ತಿ, ಡೆಪ್ಯುಟೇಷನ್ ಎಲ್ಲ ಕಳೆದ ಮೇಲೆ ಎಷ್ಟೋ ಕಡೆ ಉಳಿಯುವುದು ಒಬ್ಬರೇ.

ನಾನೂ ಅಂಥ ಒಬ್ಬಳೇ ಟೀಚರ್. ನನ್ನ ಹತ್ತಿರ 19 ಮಕ್ಕಳು: ಒಂದನೇ ತರಗತಿಗೆ ನಾಲ್ಕು, ಎರಡಕ್ಕೆ ಮೂರು, ಮೂರಕ್ಕೆ ಐದು, ನಾಲ್ಕಕ್ಕೆ ಮೂರು, ಐದಕ್ಕೆ ನಾಲ್ಕು. ಮೊದಲ ವರ್ಷ ನಾನು ಮಾಡಿದ್ದು ಎಲ್ಲರೂ ಮಾಡುವುದೇ. ಐದನೇ ತರಗತಿಯವರಿಗೆ ಪಾಠ ಮಾಡುವಾಗ ಉಳಿದವರಿಗೆ ‘ಕಾಪಿ ಬರೀರಿ’ ಅನ್ನುತ್ತಿದ್ದೆ. ಐದು ನಿಮಿಷಕ್ಕೆ ಗಲಾಟೆ. ಅವರನ್ನು ಸುಮ್ಮನಾಗಿಸಿ ಬರುವಷ್ಟರಲ್ಲಿ ಐದನೇಯವರ ಗಮನ ಕಿಟಕಿಯಾಚೆ. ಸಂಜೆ ನೋಡಿದರೆ ಐದು ತರಗತಿಗೂ ಪಾಠ ‘ಆಗಿದೆ’, ಯಾರಿಗೂ ಏನೂ ಬಂದಿಲ್ಲ.

ನನಗೆ ಅರ್ಥವಾಗಲು ಒಂದು ಸರಳ ಲೆಕ್ಕ ಬೇಕಾಯಿತು. ಮೂರು ಗುಂಪು ಇದ್ದರೆ, ಯಾವುದೇ ಮಗು ತನ್ನ ಸಮಯದ ಮೂರರಲ್ಲಿ ಎರಡು ಭಾಗ ನಾನಿಲ್ಲದೆ ಕಳೆಯುತ್ತದೆ. ಆದರೆ ನಾನು ಪಾಠ ಯೋಜನೆ ಬರೆಯುತ್ತಿದ್ದದ್ದು ನಾನಿರುವ ಆ ಒಂದು ಭಾಗಕ್ಕೆ ಮಾತ್ರ. ಈಗ ಉಲ್ಟಾ ಮಾಡುತ್ತೇನೆ. ನಾನು ಪಕ್ಕದಲ್ಲಿಲ್ಲದ ಗುಂಪು ಏನು ಮಾಡಬೇಕು ಅನ್ನುವುದನ್ನು ಮೊದಲು ಬರೆಯುತ್ತೇನೆ, ನನ್ನ ಪಾಠವನ್ನು ಆಮೇಲೆ. ಇದನ್ನು ಹೇಗೆ ಕಟ್ಟುವುದು ಅಂತ ಒಂದು ಗಣಿತದ ಅವಧಿಯನ್ನೇ ಹಿಡಿದು ಹೇಳುತ್ತೇನೆ. ವಿಷಯ ಕಳೆಯುವ ಲೆಕ್ಕ.

ಮೊದಲು: ಹಾಜರಿ ಪುಸ್ತಕ ಮುಚ್ಚಿಟ್ಟು ಗುಂಪು ಮಾಡಿ

ಐದು ತರಗತಿಗೆ ಐದು ಪಾಠ ಒಬ್ಬರಿಂದ ಆಗುವುದಿಲ್ಲ. ಮೂರು ಗುಂಪು ಆಗುತ್ತದೆ. ಆದರೆ ‘ಒಂದು-ಎರಡು ಸೇರಿ ಒಂದು, ಮೂರು-ನಾಲ್ಕು ಸೇರಿ ಒಂದು’ ಅಂತ ಹಾಜರಿ ನೋಡಿ ಜೋಡಿಸಬೇಡಿ. ಮಗುವಿಗೆ ಏನು ಬರುತ್ತದೆ ಅನ್ನುವುದನ್ನು ನೋಡಿ.

ನಾನು ನಾಲ್ಕು ಲೆಕ್ಕ ಕೊಡುತ್ತೇನೆ: 9 − 4, 47 − 12, 42 − 17, 304 − 168. ಒಬ್ಬೊಬ್ಬರನ್ನೇ ಪಕ್ಕಕ್ಕೆ ಕೂರಿಸಿಕೊಂಡು, ಬರುವಷ್ಟು ಮಾಡಲಿ ಅಂತ ಬಿಡುತ್ತೇನೆ. ಒಂದು ಮಗುವಿಗೆ ಮೂರು ನಾಲ್ಕು ನಿಮಿಷ ಸಾಕು. ಎರಡು ದಿನದಲ್ಲಿ ಎಲ್ಲರದೂ ಮುಗಿಯುತ್ತದೆ.

9 − 4 ಮಾಡಲು ಇನ್ನೂ ಬೀಜ ಎಣಿಸಬೇಕಾದವರು ಪುಟ್ಟ ಗುಂಪು. ಎರಡನೆಯದೂ ಮೂರನೆಯದೂ ಸಾಮಾನ್ಯವಾಗಿ ನಿಜ ಹೇಳಿಬಿಡುತ್ತವೆ. 47 − 12 ಸರಿ ಮಾಡಿ 35 ಬರೆದ ಮಗು, 42 − 17ಕ್ಕೂ 35 ಅಂತಲೇ ಬರೆದರೆ ತಪ್ಪು ಎಲ್ಲಿದೆ ಅಂತ ಗೊತ್ತಾಯಿತು. ಎರಡರಲ್ಲಿ ಏಳು ಕಳೆಯಲು ಆಗುವುದಿಲ್ಲ, ಅದಕ್ಕೆ ಅದು ಏಳರಲ್ಲಿ ಎರಡು ಕಳೆದಿದೆ. ‘ದೊಡ್ಡದರಿಂದ ಚಿಕ್ಕದು ಕಳಿ’ ಅಂತ ನಾವೇ ಒಂದನೇ ತರಗತಿಯಲ್ಲಿ ಹೇಳಿಕೊಟ್ಟದ್ದನ್ನು ಅದು ನಿಷ್ಠೆಯಿಂದ ಪಾಲಿಸಿದೆ ಅಷ್ಟೇ. ಅದು ಮಧ್ಯದ ಗುಂಪು. 42 − 17ಕ್ಕೆ 25 ಬರೆದವರು ದೊಡ್ಡ ಗುಂಪು. ನಾಲ್ಕನೆಯ ಲೆಕ್ಕ ದೊಡ್ಡ ಗುಂಪಿಗೆ ಮುಂದೆ ಏನು ಕಲಿಸಬೇಕು ಅಂತ ನೋಡಲು.

ನನ್ನಲ್ಲಿ ಬಂದದ್ದು ಹೀಗೆ: ಪುಟ್ಟ ಗುಂಪಲ್ಲಿ ಆರು, ಮಧ್ಯದಲ್ಲಿ ಎಂಟು, ದೊಡ್ಡದರಲ್ಲಿ ಐದು. ಮಧ್ಯದ ಗುಂಪಲ್ಲಿ ಎರಡನೇ ತರಗತಿಯ ಒಂದು ಹುಡುಗಿಯೂ ಇದ್ದಳು, ಐದನೇ ತರಗತಿಯ ಒಬ್ಬ ಹುಡುಗನೂ ಇದ್ದ. ಮೂರನೇ ತರಗತಿಯ ಒಬ್ಬಳು ದೊಡ್ಡ ಗುಂಪಿಗೆ ಹೋದಳು.

ಆ ಐದನೇ ತರಗತಿಯ ಹುಡುಗನ ಮುಖ ಚಿಕ್ಕದಾಯಿತು. ಇದನ್ನು ತಪ್ಪಿಸಲು ಒಂದೇ ದಾರಿ ನನಗೆ ಗೊತ್ತಿರುವುದು: ಗುಂಪು ವಿಷಯಕ್ಕೆ ತಕ್ಕಂತೆ ಬದಲಾಗಬೇಕು. ಕನ್ನಡ ಓದಿನಲ್ಲಿ ಅವನು ದೊಡ್ಡ ಗುಂಪು. ಗಣಿತದಲ್ಲಿ ಜೋರಾಗಿರುವ, ಮನೆಯಲ್ಲಿ ತೆಲುಗು ಮಾತಾಡುವ ಹುಡುಗಿ ಕನ್ನಡ ಓದಿನಲ್ಲಿ ಪುಟ್ಟ ಗುಂಪು. ಒಂದೇ ಗುಂಪನ್ನು ದಿನವಿಡೀ, ವರ್ಷವಿಡೀ ಇಟ್ಟರೆ ‘ದಡ್ಡರ ಗುಂಪು’ ಅಂತ ಮಕ್ಕಳೇ ಹೆಸರಿಡುತ್ತಾರೆ. ಗಣಿತದ ಗುಂಪನ್ನು ಮೂರು ವಾರಕ್ಕೊಮ್ಮೆ ಮತ್ತೆ ನೋಡಿ.

ಒಂದರಿಂದ ಮೂರನೇ ತರಗತಿಗೆ ನಲಿ-ಕಲಿ ಇದೆಯಲ್ಲ, ಇದೆಲ್ಲ ಯಾಕೆ ಅಂತ ಕೇಳಬಹುದು. ನಲಿ-ಕಲಿ ಹುಟ್ಟಿದ್ದೇ ಇದಕ್ಕೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ, ರಿಷಿವ್ಯಾಲಿಯ ಮಾದರಿ ನೋಡಿ ಬಂದ ನಮ್ಮ ಶಿಕ್ಷಕರ ಕೈಯಲ್ಲೇ ಬೆಳೆಯಿತು. ಕಲಿಕಾ ಏಣಿ, ಮೈಲಿಗಲ್ಲು, ಕಾರ್ಡುಗಳನ್ನು ಬಿಡಬೇಡಿ. ಎಂಟು ದಿನ ರಜ ಹಾಕಿ ಊರಿಗೆ ಹೋಗಿ ಬಂದ ಮಗು ಬಿಟ್ಟ ಮೆಟ್ಟಿಲಿಂದಲೇ ಶುರು ಮಾಡಬಹುದು ಅನ್ನುವುದು ಅದರ ದೊಡ್ಡ ಅನುಕೂಲ. ಆದರೆ ಕಾರ್ಡು ಮೂರಕ್ಕೆ ನಿಲ್ಲುತ್ತದೆ. ನಾಲ್ಕು, ಐದಕ್ಕೆ ಬರೀ ಪಠ್ಯಪುಸ್ತಕ. ಒಬ್ಬರೇ ಟೀಚರ್ ಇರುವ ಕಡೆ ಕಷ್ಟ ಶುರುವಾಗುವುದು ಈ ಸಂದಿಯಲ್ಲಿ.

ಕೂರುವ ಜಾಗ

ಇದು ಬೇಗ ಮುಗಿಯುವ ಮಾತು. ಮೂರು ಜಮಖಾನ, ಮೂರು ಮೂಲೆ, ಮೂರೂ ಬೇರೆ ಬೇರೆ ಗೋಡೆ ಕಡೆ ಮುಖ. ಮಕ್ಕಳ ಎತ್ತರಕ್ಕೆ ಬಳಿದ ಗೋಡೆ ಹಲಗೆ ಇದ್ದರೆ ಪ್ರತಿ ಗುಂಪಿಗೆ ಒಂದು ಭಾಗ. ಮಾತಾಡುವ ಆಟ ಆಡುವ ಗುಂಪು ಬಾಗಿಲ ಹತ್ತಿರ ಇರಲಿ, ಬೇಕಾದರೆ ಜಗುಲಿಗೆ ಹೋಗಬಹುದು. ನೀವು ಯಾವ ಗುಂಪಿನ ಜೊತೆ ಕೂತರೂ ಬೆನ್ನು ಗೋಡೆಗೆ ಇರಲಿ, ಉಳಿದ ಎರಡು ಗುಂಪು ಕಣ್ಣಿಗೆ ಕಾಣಬೇಕು. ಕುರ್ಚಿ ಬೇಡ. ಕುರ್ಚಿಯಲ್ಲಿ ಕೂತರೆ ಎಲ್ಲರೂ ನಿಮ್ಮ ಹತ್ತಿರ ಬರುತ್ತಾರೆ.

40 ನಿಮಿಷದ ಪೀರಿಯಡ್ ಮರೆತುಬಿಡಿ

ಮೂರು ಗುಂಪಿಗೆ 40 ನಿಮಿಷ ಹಂಚಿದರೆ ಒಬ್ಬೊಬ್ಬರಿಗೆ ಸಿಗುವುದು ಹತ್ತು ಹನ್ನೆರಡು ನಿಮಿಷ. ಅಷ್ಟರಲ್ಲಿ ಸ್ಲೇಟು ಹುಡುಕುವುದೇ ಆಗುತ್ತದೆ. ಗಣಿತಕ್ಕೆ 70 ನಿಮಿಷದ ಒಂದೇ ತುಂಡು ಇಟ್ಟುಕೊಳ್ಳಿ. ನನ್ನದು ಹೀಗಿದೆ:

| ಸಮಯ | ಪುಟ್ಟ ಗುಂಪು | ಮಧ್ಯದ ಗುಂಪು | ದೊಡ್ಡ ಗುಂಪು |
|---|---|---|---|
| 10.10–10.20 | ಎಲ್ಲರೂ ಒಟ್ಟಿಗೆ | ಎಲ್ಲರೂ ಒಟ್ಟಿಗೆ | ಎಲ್ಲರೂ ಒಟ್ಟಿಗೆ |
| 10.20–10.35 | ನನ್ನ ಜೊತೆ | ನಿನ್ನೆಯ ಅಭ್ಯಾಸ | ಜೋಡಿಯಲ್ಲಿ ಅಂಗಡಿ ಲೆಕ್ಕ |
| 10.38–10.58 | ಕರಟದ ಆಟ | ನನ್ನ ಜೊತೆ | ಅದೇ ಲೆಕ್ಕ, ತಾಳೆ ನೋಡುವುದು |
| 11.01–11.15 | ಸ್ಲೇಟಿನಲ್ಲಿ ಬರೆಯುವುದು | ಹೊಸ ಅಭ್ಯಾಸ, ಕಡ್ಡಿ ಕಟ್ಟು | ನನ್ನ ಜೊತೆ |
| 11.15–11.20 | ಎಲ್ಲರೂ ಒಟ್ಟಿಗೆ | ಎಲ್ಲರೂ ಒಟ್ಟಿಗೆ | ಎಲ್ಲರೂ ಒಟ್ಟಿಗೆ |

ನಡುವಿನ ಮೂರು ಮೂರು ನಿಮಿಷ ಒಂದು ಸುತ್ತು ಹಾಕಲು. ಇದನ್ನು ಉಳಿಸಲು ಹೋಗಬೇಡಿ. ಆ ಸುತ್ತಿನಲ್ಲೇ ಒಂದು ಕೆಲಸ ಮುಗಿದು ಇನ್ನೊಂದು ಶುರುವಾಗುವುದು.

ಪುಟ್ಟವರ ಜೊತೆ ಮೊದಲು ಕೂರುವುದಕ್ಕೆ ಕಾರಣ ಇದೆ. ಏನೂ ಹೇಳದೆ ಬಿಟ್ಟರೆ ಅವರು ಹತ್ತು ನಿಮಿಷವೂ ನಿಲ್ಲುವುದಿಲ್ಲ. ಆಟ ಕೈಗೆ ಕೊಟ್ಟು ಬಿಟ್ಟರೆ ಇಪ್ಪತ್ತು ನಿಮಿಷ ನಿಲ್ಲುತ್ತಾರೆ. ದೊಡ್ಡವರು ಕೊನೆಗೆ ಬಂದರೂ ಪರವಾಗಿಲ್ಲ, ಅವರು ಅಷ್ಟೊತ್ತಿಗೆ ತಪ್ಪು ಮಾಡಿಕೊಂಡಿರುತ್ತಾರೆ. ಆ ತಪ್ಪೇ ನನ್ನ ಪಾಠ.

ಆ 70 ನಿಮಿಷದಲ್ಲಿ ಏನಾಯಿತು

ಒಟ್ಟಿಗೆ ಕೂತ ಹತ್ತು ನಿಮಿಷದಲ್ಲಿ ಒಂದೇ ಕತೆ. ‘42 ರೂಪಾಯಿ ಇತ್ತು. 17 ರೂಪಾಯಿಗೆ ಬಿಸ್ಕತ್ತು, ಬಾಳೆಹಣ್ಣು ತಗೊಂಡೆ. ಎಷ್ಟು ಉಳೀತು?’ ಬರೆಯುವುದು ಬೇಡ, ಬಾಯಲ್ಲೇ. ಆಗ ಒಂದು ತಮಾಷೆ ನಡೆಯಿತು. ಲೆಕ್ಕದಲ್ಲಿ 35 ಬರೆದಿದ್ದ ಹುಡುಗನೇ ಬೆರಳು ಮಡಿಸಿ ‘ಇಪ್ಪತ್ತೈದು ಮಿಸ್’ ಅಂದ. ಹೇಗೋ ಅಂದರೆ, ‘ಹದಿನೇಳಕ್ಕೆ ಮೂರು ಹಾಕಿದ್ರೆ ಇಪ್ಪತ್ತು, ಆಮೇಲೆ ಇಪ್ಪತ್ತೆರಡು.’ ಮೂರೂ ಇಪ್ಪತ್ತೆರಡೂ ಸೇರಿ 25. ಅಪ್ಪನ ಜೊತೆ ತರಕಾರಿ ಗಾಡಿ ಹತ್ತಿರ ನಿಂತು ಕಲಿತ ಲೆಕ್ಕ ಅದು. ಬಾಯಿ ಲೆಕ್ಕ ಬಂದು ಬರವಣಿಗೆ ಬಾರದ ಮಗುವಿಗೆ ಗಣಿತ ಬರುವುದಿಲ್ಲ ಅಂತ ಬರೆಯಬೇಡಿ. ಸ್ಥಾನ ಬೆಲೆ ಬರೆಯುವುದು ಮಾತ್ರ ಬಾಕಿ ಇದೆ.

ಆಮೇಲೆ ಪುಟ್ಟವರು. ಹತ್ತು ಹುಣಸೆ ಬೀಜ, ಒಂದು ತೆಂಗಿನ ಕರಟ. ಎಣಿಸಿ ತೋರಿಸುತ್ತೇನೆ, ಕೆಲವನ್ನು ಕರಟದಡಿ ಮುಚ್ಚುತ್ತೇನೆ. ಹೊರಗೆ ಆರಿದೆ, ಒಳಗೆಷ್ಟು? ಹೇಳಿದ ಮೇಲೆ ಕರಟ ಎತ್ತಿ ನೋಡು. ಹದಿನೈದು ನಿಮಿಷ ನನ್ನ ಜೊತೆ ಆಡಿದ ಮೇಲೆ ಇದೇ ಆಟ ಇಬ್ಬಿಬ್ಬರು ಸೇರಿ. ಈ ಆಟವನ್ನು ನಾನು ಆರಿಸಿಕೊಂಡಿರುವುದು ಒಂದೇ ಕಾರಣಕ್ಕೆ: ಉತ್ತರ ಕರಟದ ಒಳಗೇ ಇದೆ. ಸರಿಯಾ ತಪ್ಪಾ ಅಂತ ಕೇಳಲು ಯಾರೂ ನನ್ನ ಹತ್ತಿರ ಬರಬೇಕಾಗಿಲ್ಲ.

ಮಧ್ಯದ ಗುಂಪಿಗೆ ಪೊರಕೆ ಕಡ್ಡಿ. ಹತ್ತು ಹತ್ತು ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿದ ಕಟ್ಟುಗಳು, ಜೊತೆಗೆ ಬಿಡಿ ಕಡ್ಡಿ. 42 ಅಂದರೆ ನಾಲ್ಕು ಕಟ್ಟು, ಎರಡು ಬಿಡಿ. ‘ಇದರಲ್ಲಿ ಹದಿನೇಳು ನಂಗೆ ಕೊಡು’ ಅಂತ ಕೈ ಚಾಚಿದೆ. ಎರಡನೇ ತರಗತಿಯ ಹುಡುಗಿ ಒಂದು ಕಟ್ಟು ಕೊಟ್ಟಳು. ಇನ್ನು ಏಳು ಬೇಕು, ಇರುವುದು ಎರಡು. ಸುಮ್ಮನೆ ಕೂತೆ. ಈ ಸುಮ್ಮನೆ ಕೂರುವುದು ತುಂಬಾ ಕಷ್ಟ, ಆದರೆ ಇಲ್ಲಿ ಬಾಯಿ ಬಿಟ್ಟರೆ ಪಾಠ ಕೆಟ್ಟಿತು. ಅರ್ಧ ನಿಮಿಷ ನೋಡಿ, ಪಕ್ಕದವನು ‘ಬಿಚ್ಚೇ ಅದನ್ನ’ ಅಂದ. ರಬ್ಬರ್ ಬ್ಯಾಂಡ್ ಬಿಚ್ಚಿದಳು. ಈಗ ಮೂರು ಕಟ್ಟಿದ್ದದ್ದು ಎರಡಾಯಿತು, ಬಿಡಿ ಹನ್ನೆರಡಾಯಿತು. ಏಳು ಕೊಟ್ಟಳು. ಉಳಿದದ್ದು ಎರಡು ಕಟ್ಟು, ಐದು ಬಿಡಿ.

ಇದನ್ನು ನಾಲ್ಕು ಸಲ ಬೇರೆ ಬೇರೆ ಸಂಖ್ಯೆಗೆ ಮಾಡಿದ ಮೇಲೆ ಹಲಗೆ ಮೇಲೆ ಬರೆಯುವುದು. ನಾಲ್ಕನ್ನು ಹೊಡೆದು ಮೂರು, ಎರಡನ್ನು ಹೊಡೆದು ಹನ್ನೆರಡು. ‘ಪಕ್ಕದ ಮನೆಯಿಂದ ಸಾಲ ತಗೊಂಡೆ’ ಅನ್ನುವ ಹಳೆಯ ಮಾತು ನನಗೆ ಇಷ್ಟವಿಲ್ಲ. ಸಾಲ ತಗೊಂಡರೆ ವಾಪಸ್ ಕೊಡಬೇಕು, ಇಲ್ಲಿ ಯಾರೂ ಕೊಡುವುದಿಲ್ಲ. ‘ಕಟ್ಟು ಬಿಚ್ಚಿದೆ’ ಅಂದರೆ ಆಗಿದ್ದು ಏನು ಅಂತ ಕಾಣುತ್ತದೆ.

ದೊಡ್ಡ ಗುಂಪಿಗೆ ಗೋಡೆ ಮೇಲೆ ಒಂದು ಬೆಲೆ ಪಟ್ಟಿ, ಅವರೇ ಸಂತೆಯಲ್ಲಿ ಕೇಳಿ ಬರೆದದ್ದು. ಒಬ್ಬ ಅಂಗಡಿಯವನು, ಒಬ್ಬ ಗಿರಾಕಿ. ಗಿರಾಕಿ 304 ರೂಪಾಯಿ ಇದೆ ಅನ್ನುತ್ತಾನೆ, 168 ರೂಪಾಯಿ ಸಾಮಾನು ಆಗುತ್ತದೆ. ಉಳಿದದ್ದು ಬರೆದ ಮೇಲೆ ಒಂದು ನಿಯಮ: ಉಳಿದದ್ದನ್ನೂ ಖರ್ಚಾದದ್ದನ್ನೂ ಕೂಡಿಸಿ ನೋಡು. ಮೊದಲಿದ್ದ ಹಣ ಬರಬೇಕು. ಒಂದು ಜೋಡಿ 264 ಬರೆದಿತ್ತು. 264ಕ್ಕೆ 168 ಕೂಡಿಸಿದರೆ 432. ಇಬ್ಬರೂ ಮುಖ ಮುಖ ನೋಡಿಕೊಂಡು ಅಳಿಸಿ ಮತ್ತೆ ಮಾಡಿದರು, ಮತ್ತೆ ತಪ್ಪಾಯಿತು. ಹತ್ತರ ಸ್ಥಾನದಲ್ಲಿ ಸೊನ್ನೆ ಇದೆ, ಬಿಚ್ಚಲು ಕಟ್ಟೇ ಇಲ್ಲ. 11 ಗಂಟೆಗೆ ನಾನು ಹೋಗಿ ಕೂರುವಾಗ ಇಬ್ಬರಿಗೂ ತಾವು ಎಲ್ಲಿ ಸಿಕ್ಕಿಹಾಕಿಕೊಂಡಿದ್ದೇವೆ ಅಂತ ಸರಿಯಾಗಿ ಗೊತ್ತಿತ್ತು. ಹತ್ತು ಕಟ್ಟುಗಳ ಒಂದು ದೊಡ್ಡ ಕಟ್ಟನ್ನು ಬಿಚ್ಚಿದೆವು. ಹತ್ತು ಕಟ್ಟು ಬಂತು, ಅದರಲ್ಲಿ ಒಂದನ್ನು ಮತ್ತೆ ಬಿಚ್ಚಿದೆವು. ಈಗ ಎರಡು ನೂರು, ಒಂಬತ್ತು ಹತ್ತು, ಹದಿನಾಲ್ಕು ಬಿಡಿ. 136. ಹದಿನಾಲ್ಕು ನಿಮಿಷದ ಪಾಠದಲ್ಲಿ ಐದು ನಿಮಿಷ ಉಳಿಯಿತು.

ಗಮನಿಸಿ, ಮೂರು ಗುಂಪಿನ ಕೆಲಸದಲ್ಲೂ ತಪ್ಪನ್ನು ಹಿಡಿಯುವುದು ನಾನಲ್ಲ. ಒಂದು ಕಡೆ ಕರಟ, ಒಂದು ಕಡೆ ಕಡ್ಡಿ, ಒಂದು ಕಡೆ ಕೂಡುವ ಲೆಕ್ಕ. ನೀವು ಯಾವ ಅಭ್ಯಾಸ ಕೊಡುವ ಮುಂಚೆಯೂ ಇದೊಂದು ಪ್ರಶ್ನೆ ಕೇಳಿಕೊಳ್ಳಿ: ತಪ್ಪಾದರೆ ಮಗುವಿಗೆ ಹೇಗೆ ಗೊತ್ತಾಗುತ್ತದೆ? ‘ನಾನು ನೋಡಿ ಹೇಳುತ್ತೇನೆ’ ಅನ್ನುವುದು ಉತ್ತರವಾದರೆ ಆ ಅಭ್ಯಾಸ ನೀವು ಜೊತೆಗಿರುವ ಗುಂಪಿಗೆ ಮಾತ್ರ ಸರಿ. ಅದಕ್ಕೇ ಪುಟ್ಟವರ ಸ್ಲೇಟು ಬರಹಕ್ಕೂ ಪಕ್ಕದಲ್ಲಿ ಬೀಜ ಇಟ್ಟಿರುತ್ತೇನೆ.

‘ಮಿಸ್, ಮಿಸ್’ ನಿಲ್ಲಿಸುವುದು

ನೀವು ಒಂದು ಗುಂಪಿನ ಜೊತೆ ಇರುವಾಗ ಉಳಿದವರು ಬಂದು ಸೆರಗು ಎಳೆಯುವುದೇ ದೊಡ್ಡ ತೊಂದರೆ. ಗದರಿದರೆ ಒಂದು ದಿನ ನಿಲ್ಲುತ್ತದೆ. ನಾವು ಮಾಡಿಕೊಂಡಿರುವುದು ಹೀಗೆ. ಕಿಟಕಿ ಕಟ್ಟೆ ಮೇಲೆ ಪ್ರತಿ ಮಗುವಿಗೂ ಹೆಸರು ಬರೆದ ಒಂದು ಬೆಣಚುಕಲ್ಲು ಇದೆ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಮೊದಲು ಪಕ್ಕದವರನ್ನು ಕೇಳಬೇಕು, ಆಮೇಲೆ ಗುಂಪಿನ ಮುಂದಾಳನ್ನು. ಆಗಲೂ ಆಗದಿದ್ದರೆ ತನ್ನ ಕಲ್ಲನ್ನು ತಟ್ಟೆಗೆ ಹಾಕಿ, ಮುಂದಿನ ಲೆಕ್ಕಕ್ಕೆ ಹೋಗಬೇಕು. ಸುತ್ತು ಹಾಕುವ ಮೂರು ನಿಮಿಷದಲ್ಲಿ ನಾನು ಮೊದಲು ತಟ್ಟೆ ನೋಡುತ್ತೇನೆ. ಒಂದೇ ಗುಂಪಿನ ನಾಲ್ಕು ಕಲ್ಲು ಇದ್ದರೆ ತಪ್ಪು ಮಕ್ಕಳದಲ್ಲ, ನಾನು ಕೊಟ್ಟ ಕೆಲಸ ಅರ್ಥವಾಗಿಲ್ಲ. ಒಂದೂ ಕಲ್ಲಿಲ್ಲದೆ ಎರಡು ವಾರ ಕಳೆದರೆ ಅದೂ ಒಳ್ಳೆಯದಲ್ಲ, ಕೆಲಸ ತೀರಾ ಸುಲಭ ಆಗಿದೆ ಅಥವಾ ಒಬ್ಬರದು ನೋಡಿ ಎಲ್ಲರೂ ಬರೆಯುತ್ತಿದ್ದಾರೆ.

ತುರ್ತಿಗೆ ಈ ನಿಯಮ ಇಲ್ಲ. ಬಿದ್ದರೆ, ಹೊಟ್ಟೆ ನೋವಾದರೆ, ಬಾತ್‌ರೂಮಿಗೆ ಹೋಗಬೇಕಾದರೆ ನೇರ ಬರಬಹುದು. ಇದನ್ನು ಮೊದಲ ದಿನವೇ ಹೇಳಿ. ನಾನು ಹೇಳಿರಲಿಲ್ಲ. ಒಂದನೇ ತರಗತಿಯ ಮಗು ಕಲ್ಲು ಹಾಕಿ ಕಾಯುತ್ತಾ ಚಡ್ಡಿ ಒದ್ದೆ ಮಾಡಿಕೊಂಡಿತು.

ಮುಂದಾಳು ವಾರಕ್ಕೊಬ್ಬರು. ದೊಡ್ಡ ಮಕ್ಕಳು ಚಿಕ್ಕವರಿಗೆ ಹೇಳಿಕೊಡುವುದು ನಮಗೆ ಹೊಸದೇನಲ್ಲ, ಹಳೆಯ ಕೂಲಿಮಠಗಳು ನಡೆದದ್ದೇ ಹಾಗೆ. ಆದರೆ ಮಿತಿ ಬೇಕು. ಮುಂದಾಳು ಪ್ರಶ್ನೆ ಓದಿ ಹೇಳಬಹುದು, ಬೀಜ ಎಣಿಸಿ ತೋರಿಸಬಹುದು. ಚಿಕ್ಕವರ ಬಳಪ ಮುಟ್ಟುವಂತಿಲ್ಲ, ಉತ್ತರ ಹೇಳುವಂತಿಲ್ಲ. ‘ಅಕ್ಕ ಬರ್ದುಕೊಟ್ಲು’ ಅನ್ನುವ ಸ್ಲೇಟಿನಲ್ಲಿ ಅಕ್ಕನ ಅಕ್ಷರ ದೂರದಿಂದಲೇ ಗೊತ್ತಾಗುತ್ತದೆ. ಐದನೇ ತರಗತಿಯ ಹುಡುಗಿಯರನ್ನೇ ದಿನಾ ಪುಟ್ಟವರ ಜೊತೆ ಕೂರಿಸುವ ಚಟ ನಮಗೆಲ್ಲ ಇದೆ, ಸುಲಭ ಅಂತ. ದಿನಕ್ಕೆ ಹದಿನೈದು ನಿಮಿಷಕ್ಕಿಂತ ಜಾಸ್ತಿ ಬೇಡ. ಅವಳೂ ಕಲಿಯಲು ಬಂದವಳು, ಅಲ್ವಾ?

ಗಣಿತಕ್ಕೆ ಸರಿ, ಉಳಿದದ್ದಕ್ಕೆ?

ಪರಿಸರ ಅಧ್ಯಯನದಲ್ಲಿ ಇಷ್ಟು ಗುಂಪು ಬೇಡ. ನೀರು, ಮನೆ, ಆಹಾರ, ಗಿಡ ಇವು ಹೇಗೂ ಎಲ್ಲ ತರಗತಿಗೂ ಬರುತ್ತವೆ. ವಿಷಯ ಒಂದೇ ಇಟ್ಟು ಕೆಲಸ ಬೇರೆ ಕೊಡಿ. ಪುಟ್ಟವರು ಮನೆಗೆ ನೀರು ಎಲ್ಲಿಂದ ಬರುತ್ತದೆ ಅಂತ ಚಿತ್ರ ಬರೆಯಲಿ, ಮಧ್ಯದವರು ದಿನಕ್ಕೆ ಎಷ್ಟು ಬಿಂದಿಗೆ ಅಂತ ಕೇಳಿ ಬರಲಿ, ದೊಡ್ಡವರು ಬೋರ್‌ವೆಲ್, ಟ್ಯಾಂಕರ್, ಕೆರೆ ಸೇರಿಸಿ ಊರಿನ ನಕ್ಷೆ ಮಾಡಲಿ.

ನಾಲ್ಕು-ಐದಕ್ಕೆ ಪರಿಸರದ ಪಾಠಗಳನ್ನು ಒಂದು ವರ್ಷ ನಾಲ್ಕನೆಯದು, ಮರು ವರ್ಷ ಐದನೆಯದು ಅಂತ ಇಬ್ಬರಿಗೂ ಒಟ್ಟಿಗೆ ಮಾಡುವ ದಾರಿಯೂ ಇದೆ. ಪಾಠಗಳು ಒಂದರ ಮೇಲೊಂದು ನಿಲ್ಲದ ಕಡೆ ಇದು ನಡೆಯುತ್ತದೆ. ಗಣಿತಕ್ಕೆ ನಡೆಯುವುದಿಲ್ಲ, ಭಾಗಾಕಾರ ಬಾರದೆ ಭಿನ್ನರಾಶಿ ಮಾಡಲು ಆಗುವುದಿಲ್ಲ. ಇನ್ನೊಂದು ಎಚ್ಚರ: ನಮ್ಮ ಮಕ್ಕಳು ಕಟ್ಟಡ ಮುಗಿದ ಕೂಡಲೇ ಊರು ಬಿಡುತ್ತಾರೆ. ಹೊಸ ಶಾಲೆಯಲ್ಲಿ ಬೇರೆ ಪಾಠ ಓದಿರುತ್ತಾರೆ. ಹಾಗೆ ಮಾಡುವ ಮುಂಚೆ ಸಿಆರ್‌ಪಿಗೆ ಹೇಳಿ ಒಪ್ಪಿಗೆ ತಗೊಳ್ಳಿ, ಮಗು ಹೋಗುವಾಗ ಯಾವ ಪಾಠ ಆಗಿದೆ ಅಂತ ಒಂದು ಚೀಟಿ ಬರೆದುಕೊಡಿ.

ಎಲ್ಲಿ ಕೆಡುತ್ತದೆ

ಮೊದಲ ವಾರ ಕೆಡುತ್ತದೆ. ಹೊಸ ಪಾಠ ಮಾಡುತ್ತಾ ಹೊಸ ಪದ್ಧತಿ ಕಲಿಸಲು ಹೋಗಬೇಡಿ. ಮೊದಲ ಐದು ದಿನ ಮಕ್ಕಳಿಗೆ ಚೆನ್ನಾಗಿ ಬರುವ ಕೆಲಸವನ್ನೇ ಕೊಟ್ಟು, ಜಾಗ ಬದಲಿಸುವುದು, ಸಾಮಾನು ತೆಗೆದು ವಾಪಸ್ ಇಡುವುದು, ಕಲ್ಲು ಹಾಕುವುದು ಇಷ್ಟನ್ನೇ ಅಭ್ಯಾಸ ಮಾಡಿಸಿ. ನನಗೆ ಜಾಗ ಬದಲಿಸಲು ಮೊದಲು ಎಂಟು ನಿಮಿಷ ಹಿಡಿಯುತ್ತಿತ್ತು, ಎರಡು ವಾರದಲ್ಲಿ ಒಂದೂವರೆಗೆ ಬಂತು.

ಆಮೇಲೆ ಕೆಡುವುದು ನಮ್ಮಿಂದಲೇ. ನಮಗೆ ಗೊತ್ತಿಲ್ಲದೆ ಒಂದು ಗುಂಪಿನ ಕಡೆ ವಾಲುತ್ತೇವೆ. ನಾನು ಒಂದು ಸಣ್ಣ ನೋಟ್‌ಬುಕ್‌ನಲ್ಲಿ ಯಾವ ಗುಂಪಿನ ಜೊತೆ ಎಷ್ಟು ನಿಮಿಷ ಕೂತೆ ಅಂತ ಬರೆಯಲು ಶುರು ಮಾಡಿದೆ. ಒಂದು ವಾರ ಆದ ಮೇಲೆ ನೋಡಿದರೆ ಮಧ್ಯದ ಗುಂಪಿಗೆ ಎರಡು ದಿನ ಸೊನ್ನೆ. ಪುಟ್ಟವರು ಅಳುತ್ತಾರೆ, ದೊಡ್ಡವರು ಪ್ರಶ್ನೆ ಕೇಳುತ್ತಾರೆ. ಮಧ್ಯದವರು ಸುಮ್ನೆ ಇರುತ್ತಾರೆ, ಅವರನ್ನೇ ಮರೆಯುತ್ತೇವೆ.

ಇನ್ನು ಫೋನು. ಹಾಲಿನ ಪುಡಿ ಬಂತಾ, ಊಟದ ಸಂಖ್ಯೆ ಹಾಕಿದ್ರಾ, ಈ ಮಾಹಿತಿ ಅರ್ಧ ಗಂಟೆಯಲ್ಲಿ ಬೇಕು. ಒಬ್ಬರೇ ಇರುವ ಶಾಲೆಯಲ್ಲಿ ಇದನ್ನು ತಪ್ಪಿಸಲು ಆಗುವುದಿಲ್ಲ, ಆಗುತ್ತದೆ ಅಂತ ನಾನು ಸುಳ್ಳು ಹೇಳುವುದಿಲ್ಲ. ನಾನು ಮಾಡಿರುವುದು ಒಂದು ‘ಫೋನ್ ಪೆಟ್ಟಿಗೆ’. ಮೂರು ಗುಂಪಿಗೂ ತಲಾ ಒಂದು ಕೆಲಸ, ಏನೂ ಹೇಳಿಕೊಡದೆ ಹದಿನೈದು ನಿಮಿಷ ನಡೆಯುವಂಥದ್ದು: ಚಿತ್ರ ಕತ್ತರಿಸಿ ಮಾಡಿದ ಜೋಡಿಸುವ ತುಂಡುಗಳು, ಹಳೆಯ ಪತ್ರಿಕೆಯ ಮಕ್ಕಳ ಪುಟ, ಪದಬಂಧ. ಕಚೇರಿ ಕೆಲಸ ಬಂದಾಗ ಮಾತ್ರ ಅದು ಹೊರಗೆ ಬರುತ್ತದೆ. ಮಕ್ಕಳಿಗೆ ಅದರ ಮೇಲೆ ಎಷ್ಟು ಆಸೆ ಅಂದರೆ, ಫೋನ್ ಬಾರದ ದಿನ ‘ಇವತ್ತು ಯಾರೂ ಮಾಡ್ಲಿಲ್ವಾ ಮಿಸ್?’ ಅಂತ ಕೇಳುತ್ತಾರೆ.